ಉದ್ದದ ಲಿಂಕ್ಡ್‌ಇನ್ ಪೋಸ್ಟನ್ನು ಐದು ಸಾಲಿಗೆ ಇಳಿಸಿದ್ದು: ನನ್ನ ಅನುಭವ

ಕೆಲಸ ಬದಲಾಯಿಸಿದ ಸುದ್ದಿಯನ್ನು ಐದೇ ಸಾಲಿನಲ್ಲಿ ಹಾಕುತ್ತೇನೆ ಎಂದಾಗ ಹಳೆಯ ಆಫೀಸಿನ ಗೆಳೆಯರು ಯಾರೂ ಒಪ್ಪಲಿಲ್ಲ. "ಇಷ್ಟು ಚಿಕ್ಕದಾಗಿ ಬರೆದ್ರೆ ಯಾರು ನೋಡ್ತಾರೆ ಗುರೂ, ಸ್ವಲ್ಪ ಬಿಲ್ಡಪ್ ಬೇಕು" ಎಂದರು. ಪೋಸ್ಟ್ ಹಾಕಿ ತಿಂಗಳಾಯಿತು. ಬಿಲ್ಡಪ್ ಇಲ್ಲದೆಯೇ ನನಗೆ ಬೇಕಾದ ಜನ ಸಿಕ್ಕರು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಡ್ರಾಫ್ಟ್ ಹೆಚ್ಚುಕಮ್ಮಿ ನಾನೂರು ಪದ ಇತ್ತು. ಪ್ರೊಫೈಲ್ ಬರೆದುಕೊಡುವ ಒಬ್ಬರಿಗೆ ಮೂರು ಸಾವಿರದ ಹತ್ತಿರ ಕೊಟ್ಟು ಬರೆಸಿದ್ದು. "ಪಯಣ", "ಹೊಸ ಅಧ್ಯಾಯ", "ಮೂವತ್ತು ಪರ್ಸೆಂಟ್ ದಕ್ಷತೆ ಹೆಚ್ಚಿಸಿದೆ", ಕೊನೆಗೆ ಇಪ್ಪತ್ತು ಚಿಲ್ಲರೆ ಜನರ ಟ್ಯಾಗ್. ಕಮ್ಮಿ ಮಾಡಿ ಅಂದರೆ ಅವರು ಪದಗಳನ್ನು ಕಮ್ಮಿ ಮಾಡಿ ಕೊಟ್ಟರು, ಜಂಬ ಹಾಗೇ ಉಳಿಯಿತು. "ವಿನಮ್ರನಾಗಿ ಹೇಳಿಕೊಳ್ಳುತ್ತೇನೆ" ಎಂಬ ಸಾಲು ಬೇರೆ ಸೇರಿತು. ವಿನಯವನ್ನು ಬಾಯಿಬಿಟ್ಟು ಹೇಳಿದ ಸಾಲಿನಷ್ಟು ಕಿರಿಕಿರಿ ಮಾಡುವುದು ಇನ್ನೊಂದಿಲ್ಲ. ದುಡ್ಡು ಹೋಯಿತು.

ಆಮೇಲೆ ನಾನೇ ಕೂತೆ. ಪ್ರತಿ ಸಾಲಿಗೂ ಒಂದೇ ಪರೀಕ್ಷೆ: ಇದೇ ಸಾಲನ್ನು ಪಕ್ಕದ ಸೀಟಿನವನು ಅವನ ಪೋಸ್ಟಿಗೆ ಹಾಕಿಕೊಳ್ಳಬಹುದಾ? ಹಾಕಿಕೊಳ್ಳಬಹುದಾದರೆ ಆ ಸಾಲು ಔಟ್. ನಾನೂರರಲ್ಲಿ ಉಳಿದದ್ದು ಊರಿನ ಹೆಸರು, ತಂಡದ ಅಳತೆ, ಅಷ್ಟೇ. ಮೂವತ್ತು ಪರ್ಸೆಂಟ್ ಕೂಡ ಹೋಯಿತು. ಅದು ಇಡೀ ತಂಡದ ಲೆಕ್ಕ, ಕಂಪನಿಯ ಒಳಗಿನದು, ಓದುವವರಿಗೆ ತಾಳೆ ನೋಡುವ ದಾರಿಯೂ ಇಲ್ಲ.

ಖಾಲಿಯಾದ ಜಾಗಕ್ಕೆ ಏನು ತುಂಬುವುದು? ಹಳೆಯ ಸಹೋದ್ಯೋಗಿಗೆ ಫೋನಿನಲ್ಲಿ "ಅಲ್ಲಿ ಏನ್ ಮಾಡ್ತಿದ್ದೆ, ಈಗ ಏನ್ ಮಾಡ್ತೀನಿ" ಅಂತ ಒಂದು ನಿಮಿಷ ಹೇಳಿ, ಹೇಳಿದ್ದನ್ನೇ ಬರೆದುಕೊಂಡೆ. ಗೊತ್ತಿರುವವರ ಮುಂದೆ ಯಾರೂ "ದಕ್ಷತೆ" ಅನ್ನುವುದಿಲ್ಲ. "ಹರಿದ ನೋಟು" ಬಂತು, "ಕ್ಯಾಷಿಯರ್ ಮೇಡಂ" ಬಂದರು. ಕೊನೆಗೆ ನಿಂತದ್ದು ಇದು:

"ಪೀಣ್ಯದ ಡೆಲಿವರಿ ಹಬ್‌ನಲ್ಲಿ ಎಣಿಸಿದ ಕ್ಯಾಶ್‌ಗೂ ಸಿಸ್ಟಮ್‌ನಲ್ಲಿರುವ ಲೆಕ್ಕಕ್ಕೂ ತಾಳೆ ಹಾಕುವ ಸಾಫ್ಟ್‌ವೇರ್‌ನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದೆ. ನಾಲ್ಕು ಜನರ ತಂಡದಲ್ಲಿ ಹರಿದ ನೋಟು ಮತ್ತು ವಾಪಸ್ ಬಂದ ಪಾರ್ಸೆಲ್‌ಗಳನ್ನು ಬೇರೆ ಬೇರೆ ನಮೂದಿಸುವ ಭಾಗ ನನ್ನದು. ಅದು ಬೇಕೆಂದು ತಮ್ಮ ನೋಟ್‌ಬುಕ್ ತೆರೆದು ತೋರಿಸಿಕೊಟ್ಟವರು ಹಬ್‌ನ ಕ್ಯಾಷಿಯರ್ ಮೇಡಂ. ಈಗ ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಮೆಡಿಕಲ್ ಶಾಪ್‌ಗಳ ರಿಟರ್ನ್ ಲೆಕ್ಕದ ಕೆಲಸ. ಎಕ್ಸ್‌ಪೈರಿ ಮಾಲು ಅಂಗಡಿಯಿಂದ ಕಂಪನಿಗೆ ವಾಪಸ್ ಹೋಗುವ ದಾರಿ ಗೊತ್ತಿರುವ ಡಿಸ್ಟ್ರಿಬ್ಯೂಟರ್‌ಗಳು ಅರ್ಧ ಗಂಟೆ ಮಾತಿಗೆ ಸಿಕ್ಕರೆ ಉಪಕಾರ."

ಇಲ್ಲಿ ತೂಕ ಇರುವುದು "ಭಾಗ ನನ್ನದು" ಮತ್ತು ಕ್ಯಾಷಿಯರ್ ಸಾಲಿನಲ್ಲಿ. ನಾನು ಎಷ್ಟು ಮಾಡಿದೆ ಎಂದು ಗೆರೆ ಎಳೆದಾಗ ಉಳಿದದ್ದು ಬೇರೆಯವರದು ಎಂದು ತಾನಾಗಿಯೇ ಗೊತ್ತಾಗುತ್ತದೆ. ಇಪ್ಪತ್ತು ಜನರಿಗೆ ಥ್ಯಾಂಕ್ಸ್ ಹೇಳುವ ಬದಲು ಒಬ್ಬರು ಮಾಡಿದ ಒಂದು ಕೆಲಸ ಹೇಳಿದರೆ ಸಾಕು. ಮಿಕ್ಕವರಿಗೆಲ್ಲ ಒಬ್ಬೊಬ್ಬರಿಗೇ ಮೆಸೇಜ್ ಮಾಡಿದೆ. ಕ್ಯಾಷಿಯರ್ ಮೇಡಂಗೆ ಮೊದಲೇ ಓದಿ ಹೇಳಿ, "ಹಾಕಿಕೊಳ್ಳಪ್ಪಾ, ಹೆಸರು ಮಾತ್ರ ಬೇಡ" ಅನ್ನಿಸಿಕೊಂಡ ಮೇಲೆಯೇ ಹಾಕಿದ್ದು.

ಫೀಡ್‌ನಲ್ಲಿ ಮೊದಲ ಎರಡು ಮೂರು ಸಾಲು ಮಾತ್ರ ಕಾಣುತ್ತದೆ, ಉಳಿದದ್ದು ಒತ್ತಿದರೆ ತೆರೆಯುತ್ತದೆ. ಅದಕ್ಕೇ ಪೀಣ್ಯ ಮೊದಲು, ಸಂತೋಷ ಗಿಂತೋಷ ಎಲ್ಲೂ ಇಲ್ಲ. ಪ್ರೊಫೈಲ್‌ನಲ್ಲಿ ಹೊಸ ಹುದ್ದೆ ಸೇರಿಸುವಾಗ Notify network ಆಫ್ ಮಾಡಿಟ್ಟೆ, ಇಲ್ಲದಿದ್ದರೆ ಪೋಸ್ಟಿಗೆ ಮುಂಚೆ ಅಭಿನಂದನೆಗಳ ಸಾಲು ಶುರುವಾಗುತ್ತದೆ. ಕೆಲಸಕ್ಕೆ ಸೇರಿ, ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮುಗಿದ ಮೇಲೆ ಹಾಕಿದೆ. ದಿನ, ಹೊತ್ತು ಆರಿಸಿಕೊಂಡ ಲೆಕ್ಕ ಮಾತ್ರ ನನ್ನ ಹತ್ತಿರವೇ ಇರಲಿ.

ಇದರ ಜೊತೆ ಫೋಟೋದ ಪ್ರಯೋಗವೂ ಆಯಿತು. ಬೇರೆ ಒಂದು ಪೋಸ್ಟಿಗೆ ಹೊಸ ಐಡಿ ಕಾರ್ಡ್ ಹಿಡಿದ ಫೋಟೋ ಹಾಕಿದ್ದೆ. ಲೈಕ್ ಎರಡರಷ್ಟು ಬಂತು, ಕಮೆಂಟೆಲ್ಲ "ಕಂಗ್ರಾಟ್ಸ್" ಮಾತ್ರ. ಐದು ಸಾಲಿನದ್ದಕ್ಕೆ ಲೈಕ್ ನೂರರ ಒಳಗೇ ಇತ್ತು. ಆದರೆ ಚಿಕ್ಕಪೇಟೆಯ ಕಡೆಯ ಒಬ್ಬರು ಸೇರಿ ಮೂರ್ನಾಲ್ಕು ಡಿಸ್ಟ್ರಿಬ್ಯೂಟರ್‌ಗಳು ಮೆಸೇಜ್ ಮಾಡಿದರು. ಒಬ್ಬರು ವಾಪಸ್ ಹೋದ ಮಾಲಿಗೆ ಕಂಪನಿ ಕೊಡುವ ಕ್ರೆಡಿಟ್ ನೋಟ್ ಎಲ್ಲೆಲ್ಲಿ ನಿಂತುಹೋಗುತ್ತದೆ ಎಂದು ಗೋಡೌನಿನಲ್ಲೇ ಕೂರಿಸಿಕೊಂಡು ತೋರಿಸಿದರು. ನನ್ನ ಹೊಸ ಮ್ಯಾನೇಜರ್‌ಗೆ ಆರು ತಿಂಗಳಿಂದ ಸಿಗದಿದ್ದ ಮಾಹಿತಿ ಅದು, ಹೆಮ್ಮೆಯಿಂದಲೇ ಹೇಳುತ್ತೇನೆ.

ಲೇಆಫ್ ಆಗಿ ಕೆಲಸ ಹುಡುಕುತ್ತಿರುವವರಿಗೆ ಇದೇ ಕ್ರಮ ಹೊಂದುವುದಿಲ್ಲ. ಅವರು ಕೊನೆಯ ಸಾಲಿನ ಕೋರಿಕೆಯನ್ನು, ಯಾವ ಕೆಲಸ, ಯಾವಾಗಿನಿಂದ ಎಂಬ ವಿವರದ ಜೊತೆ, ಮೊದಲ ಸಾಲಿಗೇ ತರಬೇಕು.