ಕವರ್ ಲೆಟರಿನ ಮೊದಲ ವಾಕ್ಯವನ್ನು ನಾನು ತಿದ್ದುವ ಬಗೆ

‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ...’ ಶಾಲೆಯ ಪತ್ರಲೇಖನದಲ್ಲಿ ಬಾಯಿಪಾಠವಾದ ಈ ಸಾಲು ಪುಣೆಗೆ ಬಂದ ಮೇಲೂ ನಮ್ಮವರನ್ನು ಬಿಡುವುದಿಲ್ಲ. ಇಂಗ್ಲಿಷ್ ಅಂಗಿ ತೊಟ್ಟು ‘ಐ ಆಮ್ ರೈಟಿಂಗ್ ಟು ಅಪ್ಲೈ ಫಾರ್ ದ ಪೋಸ್ಟ್ ಆಫ್...’ ಎಂದು ಬರುತ್ತದೆ, ಅಷ್ಟೇ. ನನ್ನ ಕೈಗೆ ಬರುವ ಕವರ್ ಲೆಟರ್‌ಗಳಲ್ಲಿ ಮೊದಲು ಹೊಡೆದುಹಾಕುವುದು ಇದನ್ನೇ. ಸಾಲಿನಲ್ಲಿ ತಪ್ಪೇನೂ ಇಲ್ಲ. ಆದರೆ ಅದು ಹೇಳುವ ಸುದ್ದಿಯನ್ನು ಇಮೇಲಿನ ಸಬ್ಜೆಕ್ಟ್ ಲೈನ್ ಆಗಲೇ ಹೇಳಿರುತ್ತದೆ. ಹುದ್ದೆಯ ಹೆಸರು, ಜಾಹೀರಾತಿನ ನಂಬರು, ನಿಮ್ಮ ಹೆಸರು ಈ ಮೂರನ್ನೂ ಅಲ್ಲಿಗೆ ಸಾಗಿಸಿದರೆ ಮೊದಲ ವಾಕ್ಯ ಬೇರೆ ಕೆಲಸಕ್ಕೆ ಬಿಡುವಾಗುತ್ತದೆ.

ಆ ಕೆಲಸ ಯಾವುದು ಎಂಬುದು ಜಾಹೀರಾತಿನಲ್ಲೇ ಇರುತ್ತದೆ. ಒಂದು ಉದಾಹರಣೆ ಹಿಡಿಯೋಣ. ಚಾಕಣದ ಬಿಡಿಭಾಗಗಳ ಕಾರ್ಖಾನೆಗೆ ಸ್ಟೋರ್ ಇನ್‌ಚಾರ್ಜ್ ಬೇಕು. ಅರ್ಜಿ ಹಾಕುವವಳು ವಿಜಯಪುರ ಕಡೆಯ ಹುಡುಗಿ, ಭೋಸರಿಯ ಒಂದು ವರ್ಕ್‌ಶಾಪಿನ ಸ್ಟೋರಿನಲ್ಲಿ ಮೂರು ವರ್ಷ ದುಡಿದವಳು. ಜಾಹೀರಾತಿನಲ್ಲಿ ಹತ್ತು ಸಾಲು ಇದ್ದರೂ ‘ಶ್ರದ್ಧೆ’, ‘ಟೀಮ್ ಪ್ಲೇಯರ್’ ಮುಂತಾದವು ಎಲ್ಲ ಜಾಹೀರಾತಿನಲ್ಲೂ ಇರುವಂಥವು. ‘ಸ್ಟಾಕ್ ವ್ಯತ್ಯಾಸ ಹತೋಟಿಯಲ್ಲಿಡಬೇಕು’ ಎಂಬ ಒಂದು ಸಾಲಿನಲ್ಲಿ ಮಾತ್ರ ಅವರ ತಲೆನೋವು ಕಾಣಿಸುತ್ತದೆ. ನಾನು ಅದರ ಕೆಳಗೆ ಗೆರೆ ಎಳೆದು ಅವಳಿಗೆ ಕೇಳುವ ಪ್ರಶ್ನೆ ಒಂದೇ: ಇದಕ್ಕೆ ನೀನು ಏನು ಮಾಡಿದ್ದೀ, ಎಷ್ಟರಿಂದ ಎಷ್ಟಕ್ಕೆ ಇಳಿಯಿತು?

ಉತ್ತರ ಹೀಗಿದೆ ಎನ್ನೋಣ: ಒಟ್ಟು 1,200 ಐಟಂ. ಟ್ಯಾಲಿಯ ಲೆಕ್ಕಕ್ಕೂ ರ್ಯಾಕಿನಲ್ಲಿರುವ ಮಾಲಿಗೂ ಹೊಂದದವು 90. ವರ್ಷಕ್ಕೊಮ್ಮೆ ಎಣಿಸುತ್ತಿದ್ದುದನ್ನು ಬಿಟ್ಟು ಪ್ರತಿ ಶನಿವಾರ ಒಂದೊಂದು ರ್ಯಾಕ್ ಎಣಿಸಿದ ಮೇಲೆ ಎಂಟು ತಿಂಗಳಲ್ಲಿ 15ಕ್ಕೆ ಬಂತು.

ಸರಕು ಸಿಕ್ಕಿತು, ಆದರೆ ಅಪಾಯ ಇರುವುದು ಇಲ್ಲೇ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವವರಿಗೆ ಮೊದಲು ಹೊಳೆಯುವುದು ‘ಹ್ಯಾವಿಂಗ್ ವರ್ಕ್ಡ್’. ‘ಮೂರು ವರ್ಷ ದುಡಿದು, ಪ್ರತಿ ವಾರ ಎಣಿಸಿ, ಪಟ್ಟಿ ಮಾಡಿ...’ ಎಂದು ಸಾಗುವುದು ನಮ್ಮ ವಾಕ್ಯದ ಸಹಜ ನಡಿಗೆ. ಕ್ರಿಯಾಪದ ಕೊನೆಗೆ ಬರುತ್ತದೆ, ನಾವೂ ಕಾಯುತ್ತೇವೆ. ಇಂಗ್ಲಿಷ್ ಓದುಗ ಕಾಯುವುದಿಲ್ಲ. ‘ಹ್ಯಾವಿಂಗ್’ನಿಂದ ಹೊರಟ ವಾಕ್ಯದಲ್ಲಿ 90, 15 ಎಂಬ ಅಂಕಿ ಬರುವ ಹೊತ್ತಿಗೆ ಮೂರನೇ ಸಾಲಾಗಿರುತ್ತದೆ. ಇನ್ನೊಂದು ಎಡವಟ್ಟೂ ಇದೆ: ‘ಹ್ಯಾವಿಂಗ್ ವರ್ಕ್ಡ್ ಫಾರ್ ಥ್ರೀ ಇಯರ್ಸ್, ದ ಮಿಸ್‌ಮ್ಯಾಚ್ ಕೇಮ್ ಡೌನ್’ ಎಂದರೆ ಮೂರು ವರ್ಷ ದುಡಿದದ್ದು ಅವಳಲ್ಲ, ಸ್ಟಾಕ್ ವ್ಯತ್ಯಾಸವೇ ದುಡಿಯಿತು ಎಂದಾಗುತ್ತದೆ.

ಆದ್ದರಿಂದ ನಾನು ಸರಪಳಿಯನ್ನು ಬಾಲದಿಂದ ಹಿಡಿದು ಎಳೆಯುತ್ತೇನೆ. ಕೊನೆಯ ಕ್ರಿಯೆ ಮೊದಲು, ಅದರ ಬೆನ್ನಿಗೇ ಅಂಕಿ, ಆಮೇಲೆ ಎಷ್ಟರಲ್ಲಿ ಮತ್ತು ಹೇಗೆ: ‘ಐ ಕಟ್ ಸ್ಟಾಕ್ ಮಿಸ್‌ಮ್ಯಾಚಸ್ ಫ್ರಮ್ 90 ಐಟಮ್ಸ್ ಟು 15, ಔಟ್ ಆಫ್ 1,200, ಬೈ ಕೌಂಟಿಂಗ್ ಒನ್ ರ್ಯಾಕ್ ಎವ್ರಿ ಸಾಟರ್ಡೇ.’ ಇಪ್ಪತ್ತು ಪದ ಕೂಡ ಇಲ್ಲ. ಭೋಸರಿ, ಮೂರು ವರ್ಷ, ಎಂಟು ತಿಂಗಳು ಎರಡನೇ ವಾಕ್ಯಕ್ಕೆ ಹೋಗಲಿ. ಚಾಕಣದ ಹುದ್ದೆಗೂ ಇದಕ್ಕೂ ಏನು ಸಂಬಂಧ ಎಂಬುದನ್ನೂ ಅಲ್ಲೇ ಹೇಳಬೇಕು. ಇಲ್ಲದಿದ್ದರೆ ಮೊದಲ ವಾಕ್ಯ ಬರೀ ಜಂಬದಂತೆ ಕೇಳುತ್ತದೆ.

1,200 ಎಂಬುದನ್ನು ಬಿಡಬಾರದು. ಸಂದರ್ಶನದಲ್ಲಿ ಮೊದಲು ಕೇಳುವುದೇ ‘ಎಷ್ಟರಲ್ಲಿ 90?’ ಎಂದು. ಎಣಿಕೆ ಇಬ್ಬರು ಸೇರಿ ಮಾಡಿದ್ದಾದರೆ ‘ಐ’ ಎಂದು ಬರೆದದ್ದು ಅಲ್ಲೇ ಬಯಲಾಗುತ್ತದೆ. ಆಗ ‘ಶನಿವಾರದ ಎಣಿಕೆಯ ವೇಳಾಪಟ್ಟಿ ನನ್ನದು’ ಎಂದು ತನ್ನ ಪಾಲನ್ನಷ್ಟೇ ಬರೆಯಲಿ. ಇಳಿದ ಲೆಕ್ಕ ಇಲ್ಲದವರು ಕೆಲಸದ ಗಾತ್ರ ಹೇಳಬಹುದು: ದಿನಕ್ಕೆ ಎಷ್ಟು ಚಲನ್, ಎಷ್ಟು ಸಪ್ಲೈಯರ್. ಊಹಿಸಿ ಬರೆದ ಶೇಕಡಾವಾರು ಬೇಡ.

ಹಳೇ ಸಾಲನ್ನು ಬಿಡುವ ಭರದಲ್ಲಿ ಕೆಲವರು ‘ನೀವು ಪ್ರಾಮಾಣಿಕ ಸ್ಟೋರ್ ಕೀಪರ್‌ಗಾಗಿ ಹುಡುಕುತ್ತಿದ್ದೀರಾ?’ ಎಂದು ಶುರುಮಾಡುತ್ತಾರೆ. ಸಾಬೂನಿನ ಜಾಹೀರಾತೇ ಸರಿ. ಕಂಪನಿಯ ವೆಬ್‌ಸೈಟಿನ ಹೊಗಳಿಕೆಯನ್ನು ಅವರಿಗೇ ತಿರುಗಿ ಕಳಿಸುವವರೂ ಇದ್ದಾರೆ. ಇಂಥದನ್ನು ಹಿಡಿಯಲು ನಾನು ವಾಕ್ಯವನ್ನು ಪಕ್ಕದ ಮೇಜಿನವನ ಬಯೋಡೇಟಾ ಮೇಲಿಟ್ಟು ನೋಡುತ್ತೇನೆ. ಅವನಿಗೂ ಹೊಂದಿದರೆ ಮತ್ತೆ ಬರೆಯಬೇಕು.

ಸರ್ಕಾರಿ ಹುದ್ದೆಗೆ ನಿಗದಿತ ನಮೂನೆ ಕೊಟ್ಟಿದ್ದರೆ ಇದ್ಯಾವುದೂ ಅನ್ವಯಿಸದು. ಅಲ್ಲಿ ಅಧಿಸೂಚನೆಯ ಸಂಖ್ಯೆಯನ್ನು ಅವರು ಹೇಳಿದ ಜಾಗದಲ್ಲೇ ಬರೆಯಿರಿ, ‘ವಿನಂತಿಸಿಕೊಳ್ಳುವುದೇನೆಂದರೆ’ ಕೂಡ ಇರಲಿ.