ಥೈರಾಯ್ಡ್ ಗಂಟಿನ ಸ್ಕ್ಯಾನಿಂಗ್ ರಿಪೋರ್ಟ್ ಓದುವುದು ಹೇಗೆ?

ಕುತ್ತಿಗೆಯ ಸ್ಕ್ಯಾನಿಂಗ್ ರಿಪೋರ್ಟ್ ಕೈಗೆ ಬಂದರೆ ಹೆಚ್ಚಿನವರು ಮೊದಲು ಹುಡುಕುವುದು ಗಂಟು ಎಷ್ಟು ದೊಡ್ಡದು ಎಂಬುದನ್ನು. ವೈದ್ಯರು ಮೊದಲು ನೋಡುವುದು ಅದರ ಲಕ್ಷಣಗಳನ್ನು. ಬರೀ ನೀರು ತುಂಬಿದ ದೊಡ್ಡ ಗಂಟನ್ನು ಹಾಗೇ ಬಿಟ್ಟು, ಅದರ ಅರ್ಧದಷ್ಟೂ ಇಲ್ಲದ ಗಂಟಿಗೆ ಕೋಶಗಳನ್ನು ತೆಗೆದು ನೋಡುವ ಸೂಜಿ ಪರೀಕ್ಷೆ ಬರೆದುಕೊಡುವುದು ಅದಕ್ಕೇ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಥೈರಾಯ್ಡಿನ ಬಲಭಾಗದಲ್ಲಿ 12 ಮಿ.ಮೀ. ಉದ್ದದ ಗಂಟು. ಒಳಗೆ ನೀರಿಲ್ಲ, ಪೂರ್ತಿ ಗಟ್ಟಿ. ಸುತ್ತಲಿನ ಗ್ರಂಥಿಗಿಂತ ಕಪ್ಪಾಗಿ ಕಾಣುತ್ತಿದೆ. ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ 2017ರಲ್ಲಿ ಪ್ರಕಟಿಸಿದ ಅಂಕಪದ್ಧತಿಯಲ್ಲಿ ಗಟ್ಟಿಗೆ 2, ಕಪ್ಪಿಗೆ 2, ಒಟ್ಟು 4 ಅಂಕ. ಅಂಕ ಹೆಚ್ಚಿದಷ್ಟೂ ಕ್ಯಾನ್ಸರಿನ ಅನುಮಾನ ಹೆಚ್ಚು. ಈಗ ಉಳಿದ ಮೂರನ್ನು ನೋಡಿ.

1. ಆಕಾರ. ಕುತ್ತಿಗೆಯನ್ನು ಅಡ್ಡಲಾಗಿ ನೋಡಿದ ಚಿತ್ರದಲ್ಲೇ ಇದನ್ನು ಅಳೆಯಬೇಕು. ಮುಂದಿನಿಂದ ಹಿಂದಕ್ಕೆ ಇರುವ ಅಳತೆ ಅಗಲಕ್ಕಿಂತ ಹೆಚ್ಚಿದ್ದರೆ 3 ಅಂಕ. ನಮ್ಮ ಗಂಟು 10 ಮಿ.ಮೀ. ಅಗಲ, 8 ಮಿ.ಮೀ. ಆಳ, ಅಂಕವಿಲ್ಲ.

2. ಅಂಚು. ನುಣುಪಾಗಿದ್ದರೆ ಸೊನ್ನೆ. ಮಸುಕಾಗಿದ್ದರೂ ಸೊನ್ನೆಯೇ, ಇದು ಹಲವರಿಗೆ ಗೊತ್ತಿರುವುದಿಲ್ಲ. ಅನುಮಾನಕ್ಕೆ ಎಡೆ ಕೊಡುವುದು ಉಬ್ಬುತಗ್ಗಿನ, ಚೂಪು ಮೂಲೆಗಳ ಅಂಚು: 2 ಅಂಕ. ಗಂಟು ಗ್ರಂಥಿಯ ಹೊರಗೋಡೆ ದಾಟಿ ಸ್ನಾಯುವಿನತ್ತ ಚಾಚಿದ್ದರೆ 3. ನಮ್ಮದರ ಅಂಚು ನುಣುಪು.

3. ಬಿಳಿ ಚುಕ್ಕಿಗಳು. ಸ್ವಲ್ಪ ನಿಧಾನಿಸಬೇಕಾದದ್ದು ಇಲ್ಲಿ. ಕ್ಯಾಲ್ಸಿಯಂ ಎಂದಾಕ್ಷಣ ಎಲ್ಲವೂ ಒಂದೇ ಅಲ್ಲ. ಹಿಂದೆ ಕಪ್ಪು ನೆರಳು ಬೀಳಿಸುವ ದಪ್ಪ ತುಣುಕಿಗೆ 1 ಅಂಕ, ಗಂಟಿನ ಅಂಚಿನುದ್ದಕ್ಕೂ ಕಟ್ಟಿದ ಕ್ಯಾಲ್ಸಿಯಂ ಪದರಕ್ಕೆ 2. ನೆರಳೇ ಬೀಳಿಸದ, ಸಾಸಿವೆಗಿಂತ ಸಣ್ಣ ಚುಕ್ಕಿಗಳಿಗೆ 3, ಏಕೆಂದರೆ ಪ್ಯಾಪಿಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರಿನಲ್ಲಿ ಇಂಥ ಸೂಕ್ಷ್ಮ ಕ್ಯಾಲ್ಸಿಯಂ ಕಣಗಳು ಕಾಣಿಸಿಕೊಳ್ಳುತ್ತವೆ. ಆದರೆ ನೀರಿನಂಶವಿರುವ ಗಂಟಿನಲ್ಲಿ ಕೊಲಾಯ್ಡ್ ಎಂಬ ಅಂಟುದ್ರವವೂ ಹೀಗೇ ಮಿನುಗುತ್ತದೆ. ಆ ಚುಕ್ಕಿಯ ಹಿಂದೆ ಧೂಮಕೇತುವಿನಂಥ ಉದ್ದನೆಯ ಬಾಲ ಕಂಡರೆ ಅಂಕ ಸೊನ್ನೆ.

ನಮ್ಮ ಗಂಟಿನಲ್ಲಿ ಚುಕ್ಕಿಗಳಿಲ್ಲದಿದ್ದರೆ ಒಟ್ಟು 4 ಅಂಕ, ಅಂದರೆ ಟಿಆರ್‌4 ವರ್ಗ. ಅಲ್ಲಿ ಸೂಜಿ ಪರೀಕ್ಷೆ 15 ಮಿ.ಮೀ.ನಿಂದ ಮೇಲಕ್ಕೆ, 12 ಮಿ.ಮೀ. ಗಂಟಿಗೆ ವರ್ಷ ಬಿಟ್ಟು ಮತ್ತೆ ಸ್ಕ್ಯಾನಿಂಗ್ ಸಾಕು. ಬಾಲವಿಲ್ಲದ ಸಣ್ಣ ಚುಕ್ಕಿಗಳಿದ್ದರೆ 7 ಅಂಕ, ಟಿಆರ್‌5. ಅಲ್ಲಿ ಮಿತಿ 10 ಮಿ.ಮೀ.; ಇದೇ ಗಂಟಿಗೆ ಸೂಜಿ ಹಾಕಬೇಕು.

ಇದು ಅನುಮಾನದ ಅಳತೆಯಷ್ಟೇ, ರೋಗನಿರ್ಣಯವಲ್ಲ. ಫಾಲಿಕ್ಯುಲರ್ ಎಂಬ ಇನ್ನೊಂದು ಬಗೆಯ ಥೈರಾಯ್ಡ್ ಕ್ಯಾನ್ಸರ್ ನುಣುಪು ಅಂಚಿನ, ಚುಕ್ಕಿಯಿಲ್ಲದ ಗಂಟಾಗಿಯೂ ಕಾಣಬಹುದು. ಕತ್ತಿನ ದುಗ್ಧಗ್ರಂಥಿಗಳು ಅಸಹಜವಾಗಿದ್ದರಂತೂ ಅಂಕ ಎಷ್ಟೇ ಇರಲಿ, ವೈದ್ಯರು ಬೇರೆಯೇ ಲೆಕ್ಕ ಹಾಕುತ್ತಾರೆ. ರಿಪೋರ್ಟಿನಲ್ಲಿ ಬರೀ ‘ಕ್ಯಾಲ್ಸಿಫಿಕೇಷನ್ ಇದೆ’ ಎಂದಷ್ಟೇ ಬರೆದಿದ್ದರೆ ಅದು ದಪ್ಪದ್ದೋ, ಅಂಚಿನದ್ದೋ, ಸಣ್ಣ ಚುಕ್ಕಿಯೋ ಎಂದು ರೇಡಿಯಾಲಜಿಸ್ಟ್ ಹತ್ತಿರ ಬರೆಸಿಕೊಳ್ಳಿ.