ಹಬ್ಬದ ಇನಾಮಿನ ಜೊತೆ ಎರಡು ಚೀಟಿ: ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಾಡಿದ ರೀತಿ

"ಕವರಿನಲ್ಲಿ ದುಡ್ಡಿದ್ದರೆ ಸಾಕು, ಪತ್ರ ಯಾರು ಓದ್ತಾರೆ?" ಹಬ್ಬದ ಇನಾಮು ಕೊಡುವಾಗ ವಾಚ್‌ಮನ್, ಗುಡಿಸುವವರು ಹೀಗೆ ಕಟ್ಟಡಕ್ಕೆ ದುಡಿಯುವ ಪ್ರತಿಯೊಬ್ಬರಿಗೂ ಒಂದು ಧನ್ಯವಾದದ ಚೀಟಿ ಬರೆಯೋಣ ಎಂದಾಗ ನಮ್ಮ ಅಸೋಸಿಯೇಷನ್ ಸಭೆಯಲ್ಲಿ ಬಂದ ಮಾತು ಇದು. ಈಗ ಅದೇ ಸಭೆಯವರು ದಸರಾ ಹತ್ತಿರ ಬರುತ್ತಿದ್ದಂತೆ ಚೀಟಿ ಶುರುವಾಯಿತಾ ಎಂದು ಕೇಳುತ್ತಾರೆ, ಪಕ್ಕದ ಬ್ಲಾಕಿನವರು ನಮ್ಮ ನಮೂನೆ ಒಯ್ದಿದ್ದಾರೆ. ಚಂದಾ ಎತ್ತುವುದು, ಪಟ್ಟಿ ಮಾಡುವುದು ಎಲ್ಲರಿಗೂ ಗೊತ್ತಿರುವುದೇ. ಚೀಟಿಯ ಕೆಲಸ ಮಾತ್ರ ಬರೆಯುತ್ತೇನೆ.

ಮೊದಲು ದುಡ್ಡಿನ ವಿಷಯ. ಬೆಂಗಳೂರಿನ ನಮ್ಮ ಕಟ್ಟಡದಲ್ಲಿ ಅರವತ್ತರ ಆಸುಪಾಸು ಮನೆ. ಮನೆಗೆ 500 ರೂಪಾಯಿ ಎಂದು ಕೇಳಿದರೆ ಸುಮಾರು 26,000 ಕೂಡುತ್ತದೆ, ಏಳೆಂಟು ಮನೆ ಯಾವಾಗಲೂ ಕೊಡುವುದಿಲ್ಲ, ಅವರ ಹಿಂದೆ ಬೀಳುವುದಿಲ್ಲ. ಪಡೆಯುವವರು ಹದಿನಾಲ್ಕು ಜನ: ಹಗಲು ಮತ್ತು ರಾತ್ರಿ ಪಾಳಿಯ ವಾಚ್‌ಮನ್‌ಗಳು, ಅವರ ವಾರದ ರಜೆಗೆ ಬರುವ ರಿಲೀವರ್, ಗುಡಿಸಿ ಒರೆಸುವವರು, ಮಾಲಿ, ಕಸದ ಆಟೋದ ಡ್ರೈವರ್ ಮತ್ತು ಹೆಲ್ಪರ್. ತಲೆಗೆ 1,500 ನಗದು, 300ರ ಸಿಹಿ-ಖಾರದ ಡಬ್ಬಿ. ಎಲ್ಲರಿಗೂ ಒಂದೇ ಮೊತ್ತ. ಸೂಪರ್‌ವೈಸರ್‌ಗೆ ಜಾಸ್ತಿ ಕೊಡುವ ಹಳೇ ಪದ್ಧತಿ ಬಿಟ್ಟಿದ್ದೇವೆ, ಗುಡಿಸುವವರಿಗೆ ಕಮ್ಮಿ ಕೊಡುವ ಪದ್ಧತಿಯನ್ನೂ. ಸಂಬಳದಲ್ಲಿ ಇರುವ ಮೇಲುಕೀಳು ಇನಾಮಿನಲ್ಲೂ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ನಗದನ್ನು ಎರಡು ಐನೂರು, ಐದು ನೂರರ ನೋಟಾಗಿ ಕೊಡುತ್ತೇವೆ. ಎಟಿಎಂನಲ್ಲಿ ನೂರರ ನೋಟು ಇಷ್ಟೊಂದು ಸಿಗುವುದಿಲ್ಲ, ಎರಡು ವಾರ ಮುಂಚೆಯೇ ಬ್ಯಾಂಕಿಗೆ ಹೋಗಿ ತರಬೇಕು. ಒಂದು ರೂಪಾಯಿ ಸೇರಿಸುವ ವಾಡಿಕೆ ನಮ್ಮಲ್ಲೂ ಉಂಟು, ಆದರೆ ಬಿಡಿ ನಾಣ್ಯ ತೆಳು ಕವರನ್ನು ಮೂಲೆಯಲ್ಲಿ ಹರಿದು ಹೊರಬರುತ್ತದೆ. ನಾಣ್ಯ ಅಂಟಿಸಿಕೊಂಡೇ ಬರುವ ಕವರು ತಂದರೆ ತೊಂದರೆ ಇಲ್ಲ. ಕವರಿಗೆ ಅರಿಶಿನ ಕುಂಕುಮ ಹಚ್ಚುವುದಿಲ್ಲ. ಪಡೆಯುವವರಲ್ಲಿ ಮುಸ್ಲಿಮರೂ ಕ್ರೈಸ್ತರೂ ಇದ್ದಾರೆ, ಪೂಜೆಯ ಪ್ರಸಾದ ಬೇರೆ, ಇದು ಬೇರೆ.

ಇನ್ನು ಚೀಟಿ. ನಮ್ಮದು ಒಂದಲ್ಲ, ಎರಡು. ಇಡೀ ವ್ಯವಸ್ಥೆ ನಿಂತಿರುವುದೇ ಇದರ ಮೇಲೆ. ಗುಡಿಸುವ ಅಮ್ಮ ಸಂಜೆ ಸೀರೆಯನ್ನೋ ಡಬ್ಬಿಯನ್ನೋ ಹಿಡಿದು ಹೊರಟರೆ ಗೇಟಿನಲ್ಲಿ ಅವರ ಚೀಲ ನೋಡುತ್ತಾರೆ. ಸಾಮಾನು ಹೊರಗೆ ಹೋಗುವಾಗ ಕೇಳುವುದು ವಾಚ್‌ಮನ್ ಕೆಲಸ, ಅದರಲ್ಲಿ ಅವರ ತಪ್ಪಿಲ್ಲ. ಆದರೆ ಹಬ್ಬದ ದಿನ ಉಡುಗೊರೆ ಹಿಡಿದವರು ನಾಲ್ಕು ಜನರೆದುರು "ಎಲ್ಲಿಂದ ತಂದಿರಿ" ಎಂಬ ಪ್ರಶ್ನೆಗೆ ನಿಲ್ಲಬೇಕಾಗುತ್ತದೆ. ಮನೆಗೆ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳುವಷ್ಟರಲ್ಲಿ ಅವರ ಮುಖ ಸಣ್ಣಗಾಗಿರುತ್ತದೆ. ಕೊಟ್ಟ ಮರ್ಯಾದೆ ಗೇಟಿನಲ್ಲೇ ಕಳೆದುಹೋಯಿತು.

ಹಾಗಾಗಿ ಒಂದು ಚೀಟಿ ಗೇಟಿಗೆ, ಒಂದು ಮನುಷ್ಯರಿಗೆ. ಎರಡನ್ನೂ ಒಂದೇ ಕಾಗದದಲ್ಲಿ ಬರೆದರೆ ಗೇಟಿನವರು ರಿಜಿಸ್ಟರಿಗೆಂದು ಅದನ್ನೇ ಇಟ್ಟುಕೊಳ್ಳುತ್ತಾರೆ, ಧನ್ಯವಾದದ ಮಾತೂ ಅಲ್ಲೇ ಉಳಿಯುತ್ತದೆ. ಒಳಗಿನ ಮೊತ್ತ ಎಲ್ಲರ ಬಾಯಿಗೂ ಬೀಳುತ್ತದೆ. ಗೇಟಿನ ಚೀಟಿ ಅಂಗೈಯಗಲ ಇದ್ದರೆ ಸಾಕು. ದಿನಾಂಕ, ಮನೆ ಸಂಖ್ಯೆ ಅಥವಾ ಅಸೋಸಿಯೇಷನ್ ಹೆಸರು, ಪಡೆದವರ ಹೆಸರು, "ಒಂದು ಸಿಹಿ ಡಬ್ಬಿ, ಒಂದು ಸೀರೆ, ಹಬ್ಬದ ಉಡುಗೊರೆ", ಕೆಳಗೆ ಸಹಿ. ನಗದಿನ ಸುದ್ದಿ ಅದರಲ್ಲಿ ಇರಬಾರದು. ಅದನ್ನು ಡಬ್ಬಿಯ ಮೇಲೆ ಕಾಣುವಂತೆ ಟೇಪಿನಲ್ಲಿ ಅಂಟಿಸುತ್ತೇವೆ, ಗೇಟಿನವರು ಕಿತ್ತುಕೊಂಡು ಬರೆದುಕೊಳ್ಳಲಿ. ಧನ್ಯವಾದದ ಚೀಟಿ ಮಾತ್ರ ನಗದಿನ ಕವರಿನೊಳಗೆ, ಮಡಿಸಿ. ಮನೆಗೆಲಸದವರಿಗೆ ಪ್ರತ್ಯೇಕವಾಗಿ ಕೊಡುವ ಮನೆಗಳಿಗೂ ಈ ಗೇಟ್ ಚೀಟಿಯ ಪ್ರತಿಗಳನ್ನು ಮೊದಲೇ ಹಂಚಿಬಿಡುತ್ತೇವೆ.

ಧನ್ಯವಾದದ ಚೀಟಿಯಲ್ಲಿ ಏನಿರಬೇಕು? "ನಿಮ್ಮ ಅಮೂಲ್ಯ ಸೇವೆಗೆ ಕೃತಜ್ಞತೆಗಳು" ಎಂಬುದನ್ನು ಹದಿನಾಲ್ಕು ಪ್ರತಿ ತೆಗೆದರೆ ಸಭೆಯಲ್ಲಿ ಹೇಳಿದ್ದೇ ನಿಜವಾಗುತ್ತದೆ, ಯಾರೂ ಓದುವುದಿಲ್ಲ. ಪಕ್ಕದವರ ಚೀಟಿಯಲ್ಲೂ ಅದೇ ಇದೆ ಎಂದು ಒಂದೇ ಗಂಟೆಯಲ್ಲಿ ತಿಳಿಯುತ್ತದೆ. ಹೆಸರು, ಆ ವರ್ಷ ಅವರೇ ಮಾಡಿದ ಒಂದು ಕೆಲಸ, ಅದರಿಂದ ನಮಗಾದ ಅನುಕೂಲ, ಹಬ್ಬದ ಶುಭಾಶಯ, ನಮ್ಮ ಹೆಸರು. ಇಷ್ಟೇ, ನಾಲ್ಕೈದು ಸಾಲು. ಒಂದು ಚೀಟಿಯನ್ನು ಹೆಸರು ಬದಲಿಸಿ ಹಾಗೇ ಕೊಡುತ್ತೇನೆ:

"ಗೌರಮ್ಮನವರಿಗೆ ನಮಸ್ಕಾರ. ಮಳೆಗಾಲದಲ್ಲಿ ಬೇಸ್‌ಮೆಂಟಿನ ಜಾಲರಿಗೆ ಎಲೆ ಕಟ್ಟಿಕೊಂಡಾಗಲೆಲ್ಲ ಯಾರೂ ಹೇಳುವ ಮೊದಲೇ ತೆಗೆದಿರಿ. ಈ ಸಲ ಒಂದು ಗಾಡಿಗೂ ನೀರು ನುಗ್ಗಲಿಲ್ಲ. ಇದನ್ನು ನಾವು ನೋಡಿದ್ದೇವೆ. ನಿಮಗೂ ನಿಮ್ಮ ಮನೆಯವರಿಗೂ ಆಯುಧಪೂಜೆಯ ಶುಭಾಶಯ. ಅಸೋಸಿಯೇಷನ್ ಪರವಾಗಿ," ಅದರ ಕೆಳಗೆ ಇಬ್ಬರ ಹೆಸರು ಮತ್ತು ಮನೆ ಸಂಖ್ಯೆ.

"ಚೆನ್ನಾಗಿ ಗುಡಿಸಿದಿರಿ" ಎಂದು ಬರೆದಿದ್ದರೆ ಅದು ಯಾರಿಗಾದರೂ ಹೊಂದುತ್ತಿತ್ತು. ಜಾಲರಿಯ ಮಾತು ಅವರೊಬ್ಬರಿಗೇ ಸೇರಿದ್ದು. ರಾತ್ರಿ ಪಾಳಿಯವರಿಗೆ ಎರಡು ಗಂಟೆಗೆ ಆಂಬುಲೆನ್ಸ್ ಬಂದಾಗ ಲಿಫ್ಟ್ ಹಿಡಿದು ನಿಲ್ಲಿಸಿದ್ದು, ರಿಲೀವರ್‌ಗೆ ವಾರಕ್ಕೊಂದೇ ದಿನ ಬಂದರೂ ಮಕ್ಕಳ ಸ್ಕೂಲ್ ವ್ಯಾನ್ ಗುರುತಿಟ್ಟುಕೊಂಡಿದ್ದು. ಇಂಥದ್ದು ಪ್ರತಿಯೊಬ್ಬರದೂ ಸಿಗುತ್ತದೆ. ಹದಿನಾಲ್ಕು ಜನರ ಕೆಲಸದ ವಿವರವನ್ನು ಅವರಿಗೆ ತಿಳಿಯದಂತೆ ಹೇಗೆ ಕಲೆಹಾಕುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಬರೆದರೆ ನಮ್ಮ ಗೇಟಿಗೂ ಗೊತ್ತಾಗುತ್ತದೆ.

ಚೀಟಿಯಲ್ಲಿ ಇರಬಾರದ್ದೂ ಇದೆ. ಮುಂದೆ ಹೀಗೆ ಮಾಡಿ, ಹಾಗೆ ಮಾಡಿ ಎಂಬ ಸೂಚನೆ ಸೇರಿದರೆ ಅದು ಮೆಮೊ ಆಗುತ್ತದೆ. ಅವರ ಕಷ್ಟ, ಸಾಲ, ಕಾಯಿಲೆಯ ಮಾತು ಬೇಡ, ಚೀಟಿಯನ್ನು ಅವರ ಮನೆಯವರೆಲ್ಲ ಓದುತ್ತಾರೆ. ಬೋನಸ್ ಎಂದಂತೂ ಬರೆಯಲೇಬೇಡಿ. ವಾಚ್‌ಮನ್‌ಗಳೂ ಗುಡಿಸುವವರೂ ಬಹುತೇಕ ಏಜೆನ್ಸಿಯ ನೌಕರರು. ಅರ್ಹರಾದವರಿಗೆ ಕನಿಷ್ಠ ಶೇ. 8.33ರ ಬೋನಸ್ ಕೊಡುವುದು ಏಜೆನ್ಸಿಯ ಹೊಣೆ, ಅದು ಅವರ ಹಕ್ಕು. "ಅಪಾರ್ಟ್‌ಮೆಂಟಿನವರೇ ಬೋನಸ್ ಕೊಟ್ಟಿದ್ದಾರಲ್ಲ" ಎನ್ನಲು ನಮ್ಮ ಕೈಬರಹವೇ ಸಾಕ್ಷಿಯಾಗಬಾರದು. "ಹಬ್ಬದ ಉಡುಗೊರೆ" ಎಂದರೆ ಆ ದಾರಿ ಮುಚ್ಚುತ್ತದೆ.

ಬರೆಯುವ ಬಗೆ. ಕಾಗದ ಎ4 ಹಾಳೆಯ ಅರ್ಧ, ಒಂದೇ ಮಡಿಕೆ. ಜೆಲ್ ಪೆನ್ ಬೇಡ, ಬೆವರಿಗೂ ಹಿಂಗಾರು ಮಳೆಗೂ ಜೇಬಿನಲ್ಲೇ ಹರಡಿಕೊಳ್ಳುತ್ತದೆ, ಬಾಲ್‌ಪೆನ್ ನಿಲ್ಲುತ್ತದೆ. ಓದು ನಿಧಾನವಾಗಿರುವವರಿಗೆ ನಮ್ಮ ಅವಸರದ ಕೂಡುಬರಹ ಅರ್ಥವಾಗುವುದಿಲ್ಲ. ಮುಖ್ಯವಾಗಿ ಒತ್ತಕ್ಷರಗಳು ಮೇಲಿನ ಸಾಲಿನಿಂದ ಇಳಿದು ಕೆಳಗಿನ ಸಾಲಿಗೆ ತಗಲುತ್ತವೆ. ಒಂದೊಂದು ಸಾಲು ಬಿಟ್ಟು, ಅಕ್ಷರ ಬಿಡಿಸಿ ಬರೆಯಬೇಕು.

ಭಾಷೆಯ ತೊಡಕು ಇದಕ್ಕಿಂತ ದೊಡ್ಡದು. ನಮ್ಮ ಗೇಟಿನಲ್ಲಿ ಉತ್ತರ ಕರ್ನಾಟಕದವರ ಜೊತೆ ಅಸ್ಸಾಂ, ಒಡಿಶಾದವರೂ ಇದ್ದಾರೆ. ಒಡಿಯಾದಲ್ಲಿ ಬರೆಸಿ ನೋಡಿದ್ದೇವೆ, ಫೋನಿನ ಅನುವಾದವನ್ನು ನೋಡಿಕೊಂಡು ತಿದ್ದಿ ಬರೆದ ಅಕ್ಷರ ಓದುವಂತಿರಲಿಲ್ಲ. ಒಬ್ಬ ವಾಚ್‌ಮನ್ ಚೀಟಿಯನ್ನು ಇನ್ನೊಬ್ಬ ವಾಚ್‌ಮನ್‌ಗೆ ಕೊಟ್ಟು ಅನುವಾದ ಮಾಡಿಸುವುದು ಸಲ್ಲದು, ಗುಟ್ಟು ಉಳಿಯುವುದಿಲ್ಲ. ಈಗ ಅವರಿಗೆ ಸರಳ ಹಿಂದಿ, ಕಟ್ಟಡದಲ್ಲೇ ಇರುವ ಒಬ್ಬ ಮೇಷ್ಟ್ರ ಕೈಬರಹ. ಓದು ಬಾರದವರಿಗೆ ಧ್ವನಿ ಸಂದೇಶ ಕಳಿಸುವ ಪ್ರಯೋಗವೂ ನಡೆಯಿತು. ಕೇಳಿದರು, ಆದರೆ ಚೀಟಿ ತಮಗೂ ಬೇಕೆಂದರು. ಮನೆಯಲ್ಲಿ ಮಕ್ಕಳು ಓದಿ ಹೇಳುತ್ತಾರೆ. ನಾವು ಕೊಡುವಾಗ ಅದರಲ್ಲಿರುವ ಒಂದು ಮಾತನ್ನು ಬಾಯಲ್ಲೂ ಹೇಳಿಬಿಡುತ್ತೇವೆ.

ಕೊಡುವ ದಿನ ಆಯುಧಪೂಜೆಯಲ್ಲ, ಅದಕ್ಕೆ ಹತ್ತು ದಿನ ಮೊದಲು. ಒಡಿಶಾ, ಅಸ್ಸಾಂನವರು ದುರ್ಗಾಪೂಜೆಗೆ ರೈಲು ಹತ್ತುವ ಹೊತ್ತು ಅದು, ಇಲ್ಲಿಯವರಿಗೂ ಬಟ್ಟೆ ತೆಗೆಯಲು ದುಡ್ಡು ಆಗಲೇ ಬೇಕು. ಇಷ್ಟು ಮುಂಚೆ ಕೊಡುವಾಗ ಡಬ್ಬಿಯಲ್ಲಿ ಹಾಲಿನ ಸಿಹಿ ಇರಬಾರದು. ಐದಾರು ಜನ ಸೇರಿ ಇರುವ ಕೋಣೆಯಲ್ಲಿ ಫ್ರಿಜ್ ಇರುವುದಿಲ್ಲ, ಎರಡೇ ದಿನಕ್ಕೆ ಹುಳಿ ವಾಸನೆ ಬರುತ್ತದೆ. ಮೈಸೂರುಪಾಕು, ಕೋಡುಬಳೆ, ಚಕ್ಕುಲಿ ಊರಿನ ತನಕ ತಡೆಯುತ್ತವೆ. ಕೊಡುವ ಹೊತ್ತು ಪಾಳಿ ಬದಲಾಗುವ ಎಂಟು ಗಂಟೆ, ಬೆಳಗ್ಗೆಯೂ ಸಂಜೆಯೂ. ಸಾಲು ನಿಲ್ಲಿಸುವುದಿಲ್ಲ, ಫೋಟೋ ತೆಗೆಯುವುದಿಲ್ಲ. ಇಬ್ಬರು ಹೋಗಿ, ಹೆಸರು ಕರೆದು, ಅವರಿಗೇ ಕೊಡುವುದು. ಎಲ್ಲ ಕವರನ್ನೂ ಸೂಪರ್‌ವೈಸರ್ ಕೈಗಿಟ್ಟರೆ ಏನಾಗುತ್ತದೆ ಎಂಬುದು ನಿಮಗೇ ಗೊತ್ತು. ರಿಲೀವರ್ ಕವರು ಮೊದಲು ಮಾಯವಾಗುತ್ತದೆ.

ಡೆಲಿವರಿಯವರಿಗೆ ಈ ಕ್ರಮ ಹೊಂದುವುದಿಲ್ಲ. ದಿನಸಿ ತರುವವರು ಒಂದೊಂದು ದಿನ ಒಬ್ಬೊಬ್ಬರು, ಕೆಲಸದ ವಿವರ ಬರೆಯಲು ಪರಿಚಯವೇ ಇರುವುದಿಲ್ಲ. ಅವರಿಗೆ ವಿಸಿಟಿಂಗ್ ಕಾರ್ಡಿನಷ್ಟು ಚೀಟಿ, ಎರಡೇ ಸಾಲು: "ಹಬ್ಬದ ದಿನವೂ ಮನೆ ಬಾಗಿಲಿಗೆ ತಂದುಕೊಟ್ಟಿರಿ. ಧನ್ಯವಾದ, ಹಬ್ಬದ ಶುಭಾಶಯ." ಇದರ ಮೇಲೆ ನೂರು ರೂಪಾಯಿಯನ್ನು ಕಾಣುವಂತೆ ಕ್ಲಿಪ್ ಹಾಕುತ್ತೇವೆ. ಮುಚ್ಚಿದ ಕವರು ಕೊಟ್ಟರೆ ವಾಪಸ್ ಕಳಿಸುವ ಸಾಮಾನೋ, ಯಾರಿಗಾದರೂ ತಲುಪಿಸಬೇಕಾದ್ದೋ ಎಂದು ನಿಂತು ಕೇಳುತ್ತಾರೆ, ಅವರ ಸಮಯ ಹಾಳು. ಓಟಿಪಿ ಹೇಳಿ ಡೆಲಿವರಿ ಮುಗಿದ ಮೇಲೆ ಕೊಡಬೇಕು, ಮೊದಲಲ್ಲ. ಡಬ್ಬಿ ಬೇಡವೇ ಬೇಡ, ಬೆನ್ನಿನ ಚೀಲದಲ್ಲಿ ಮುಂದಿನ ಆರ್ಡರ್ ಇರುತ್ತದೆ. ದಿನಾ ಬರುವ ಹಾಲಿನವರಿಗೆ, ಪೇಪರ್ ಹಾಕುವವರಿಗೆ ಮಾತ್ರ ದೊಡ್ಡ ಚೀಟಿ. ಅವರು ಬರುವ ಐದೂವರೆಗೆ ಯಾರೂ ಎದ್ದಿರುವುದಿಲ್ಲವಾದ್ದರಿಂದ ತಿಂಗಳ ಬಿಲ್ಲು ಕೇಳಲು ಬಂದಾಗ ಕೊಡುವುದು. ಬಿಲ್ಲಿನ ಹಣ ಒಂದು ಕವರು, ಇದು ಇನ್ನೊಂದು. ಸೇರಿಸಿದರೆ ಲೆಕ್ಕದಲ್ಲಿ ಮುಂಗಡ ಎಂದು ಬರೆದುಕೊಂಡುಬಿಡುತ್ತಾರೆ.

ಕೊಡುವ ದಿನ ಸಿಗದವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಊರಿಗೆ ಹೋಗಿದ್ದು ವಾಪಸ್ ಬರುವವರಾದರೆ ನಗದು, ಚೀಟಿ ಎರಡೂ ಕಾರ್ಯದರ್ಶಿಯ ಮನೆಯಲ್ಲಿ, ಹೆಸರು ಬರೆದು. ಡಬ್ಬಿ ಮಾತ್ರ ಬಂದ ಮೇಲೆ ಹೊಸದು ತರುತ್ತೇವೆ. ಆ ವರ್ಷ ಆರು ತಿಂಗಳಾದರೂ ದುಡಿದು, ಏಜೆನ್ಸಿ ಬೇರೆ ಕಡೆ ಹಾಕಿದವರೂ ನಮ್ಮ ಪಟ್ಟಿಯಲ್ಲಿರುತ್ತಾರೆ. ಅವರಿಗೆ ಮೊದಲು ಫೋನ್ ಮಾಡಿ ಮಾತಾಡಿ, ಆಮೇಲೆ ಯುಪಿಐನಲ್ಲಿ ಹಣ, ಚೀಟಿಯ ಫೋಟೋ ವಾಟ್ಸಾಪಿನಲ್ಲಿ. ಗುರುತಿಲ್ಲದ ಸಂಖ್ಯೆಯಿಂದ ಸುಮ್ಮನೆ ಹಣ ಬಂದರೆ ಮೋಸವೆಂದು ಹೆದರಿ ವಾಪಸ್ ಹಾಕುತ್ತಾರೆ.